ಎರಡು ಪದ ನೆನಪಿದ್ದರೆ ಸಾಕೇ? ಗುಡಿಯಲ್ಲಿ ಕೇಳಿದ ದಾಸರ ಪದವನ್ನು ಪತ್ತೆ ಮಾಡುವ ಬಗೆ

ಶ್ರಾವಣ ಶನಿವಾರದಂದು ವೆಂಕಟರಮಣನ ಗುಡಿಗೆ ಹೋಗಿ ಬಂದ ನನ್ನ ಸೋದರತ್ತೆ ಸಂಜೆಯೇ ಫೋನ್ ಮಾಡಿದರು. ಮಂಗಳಾರತಿಗೆ ಮುಂಚೆ ಭಜನಾ ಮಂಡಳಿಯವರು ಒಂದು ಪದ ಹಾಡಿದರಂತೆ. ಎಷ್ಟು ನೆನಪಿದೆ ಎಂದು ಕೇಳಿದೆ. “ಕನಕ ಕವಚ ತೊಡಿಸೋ ಎಂದು ಬರುತ್ತದೆ, ಆಮೇಲೆ ಚರಣ ಸೇವೆ ಕೊಡಿಸೋ, ಕೊನೆಗೆ ಏನೋ ಪುಷ್ಪ ಮುಡಿಸೋ. ದೇವರಿಗೆ ಅಲಂಕಾರ ಮಾಡುವಾಗಿನ ಹಾಡು ಕಣಪ್ಪ, ಹುಡುಕಿಕೊಡು” ಎಂದರು. ಅಷ್ಟು ಹೊತ್ತಿಗೆ ಅವರೇ ಮೊಬೈಲಿನಲ್ಲಿ “ಅಲಂಕಾರದ ಹಾಡು” ಎಂದೆಲ್ಲ ಹುಡುಕಿ ಸೋತಿದ್ದರು. ಆ ಹಾಡು ಸಿಕ್ಕಿತು. ಸಿಕ್ಕಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಭಕ್ತಿಗೀತೆಗಳಲ್ಲಿ ಬಗೆ ಬಹಳ. ಕನ್ನಡನಾಡಿನ ಗುಡಿಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ದಾಸರ ಪದಗಳನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ, ಉಳಿದವುಗಳನ್ನು ದಾರಿಯಲ್ಲಿ ಮುಟ್ಟಿ ಹೋಗುತ್ತೇನೆ.

ಈ ಹುಡುಕಾಟ ಕಷ್ಟವಾಗುವುದಕ್ಕೆ ಒಂದೇ ಕಾರಣ. ದಾಸರ ಪದಗಳ ಪುಸ್ತಕಗಳ ಅಕಾರಾದಿ ಸೂಚಿ ಇರುವುದು ಪಲ್ಲವಿಯ ಮೊದಲ ಪದದ ಮೇಲೆ. ಧ್ವನಿಸುರುಳಿಯ ಮೇಲೂ ಯೂಟ್ಯೂಬಿನ ವಿಡಿಯೋ ಮೇಲೂ ಇರುವ ಹೆಸರು ಪಲ್ಲವಿಯೇ. ನಮಗೆ ನೆನಪಿರುವುದು ಮಾತ್ರ ಸಾಮಾನ್ಯವಾಗಿ ಚರಣದ ಒಂದು ತುಣುಕು, ಏಕೆಂದರೆ ಒಳ್ಳೆಯ ಚಿತ್ರಗಳಿರುವುದು ಚರಣಗಳಲ್ಲಿ. ಹಾಗಾಗಿ ಮಾಡಬೇಕಾದ ಕೆಲಸವೆಂದರೆ ಹಾಡಿನ ನಡುವಿನಿಂದ ಅದರ ತಲೆಗೆ ಹೋಗುವುದು.

ಮೊದಲು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡಿ

ಗುಡಿಯಿಂದ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಈ ಕೆಲಸ ಮುಗಿಸಿದರೆ ಒಳ್ಳೆಯದು. ನೆನಪಿರುವುದನ್ನು ಮೊಬೈಲಿನಲ್ಲಿ ಮೆಲ್ಲಗೆ ಹಾಡಿ ಧ್ವನಿಮುದ್ರಿಸಿಕೊಳ್ಳಿ, ಆಮೇಲೆ ಬರೆಯಿರಿ. ಬರೆಯುವಾಗ ಅರ್ಥ ಕೂಡಿಸಲು ಹೋಗಬೇಡಿ. ಮರೆತ ಜಾಗದಲ್ಲಿ ಗೆರೆ ಎಳೆಯಿರಿ, ಅನುಮಾನವಿರುವ ಪದದ ಮೇಲೆ ಪ್ರಶ್ನೆಚಿಹ್ನೆ ಇಡಿ. ಅತ್ತೆ ಹೇಳಿದ್ದನ್ನು ನಾನು ಬರೆದುಕೊಂಡದ್ದು ಹೀಗೆ:

```
— — — (?)
ಕನಕ(?) ಕವಚ — — ತೊಡಿಸೋ
ಚರಣ ಸೇವೆ — ಕೊಡಿಸೋ
— — ಪುಷ್ಪ — — ಮುಡಿಸೋ
```

“ಕನಕ” ನಿಜವಾಗಿಯೂ ಕಿವಿಗೆ ಬಿತ್ತೇ ಎಂದು ಎರಡು ಸಲ ಕೇಳಿದೆ. “ಕವಚ ಎಂದ ಮೇಲೆ ಚಿನ್ನದ್ದೇ ಇರಬೇಕಲ್ಲ” ಎಂದರು. ಅಂದು ಮೂಲಮೂರ್ತಿಗೆ ಚಿನ್ನದ ಬಣ್ಣದ ಕವಚ ಹಾಕಿದ್ದರಂತೆ. ಕಣ್ಣು ಕಂಡದ್ದನ್ನು ಕಿವಿ ಕೇಳಿತು ಎಂದು ನನಗೆ ಆಗಲೇ ಗುಮಾನಿ ಬಂದಿತು, ಆದ್ದರಿಂದಲೇ ಆ ಪ್ರಶ್ನೆಚಿಹ್ನೆ. ಇದರ ಜೊತೆಗೆ ಇನ್ನೆರಡು ವಿಷಯ ಬರೆದಿಡಿ: ಯಾವ ದೇವರ ಗುಡಿ, ಯಾವ ಸೇವೆಯ ಹೊತ್ತು. ತೊಟ್ಟಿಲು ಸೇವೆಗೆ ಜೋಗುಳ, ಶಯನೋತ್ಸವಕ್ಕೆ ಲಾಲಿ, ಆರತಿಗೆ “ಆರತಿ ಎತ್ತಿರೆ” ಎಂಬಂಥ ಪದ ಎಂದು ವಾಡಿಕೆ ಇರುವುದರಿಂದ ಹುಡುಕಾಟದ ಬಯಲು ಸಣ್ಣದಾಗುತ್ತದೆ. ಭಜನೆಯ ಹೊತ್ತಿಗೆ ಮಾತ್ರ ಈ ಕಟ್ಟಿಲ್ಲ, ಅಲ್ಲಿ ಏನು ಬೇಕಾದರೂ ಹಾಡುತ್ತಾರೆ.

ಧ್ವನಿವರ್ಧಕವೋ, ಬಾಯಿಹಾಡೋ?

ಜಾತ್ರೆಯ ಮೈಕಿನಲ್ಲಿ ಮುದ್ರಿತ ಹಾಡು ಬರುತ್ತಿದ್ದರೆ ಅಲ್ಲೇ ನಿಂತು ಶಜಾಮ್‌ನಂಥ ಆ್ಯಪ್ ತೆರೆದು ಹಿಡಿಯಿರಿ. ಇಂಥ ಆ್ಯಪ್‌ಗಳು ಹೋಲಿಸಿ ನೋಡುವುದು ಧ್ವನಿಮುದ್ರಿಕೆಯನ್ನು. ಅದೇ ಮುದ್ರಿಕೆ ಅವುಗಳ ಸಂಗ್ರಹದಲ್ಲಿದ್ದರೆ ಕೆಲವೇ ಕ್ಷಣಗಳಲ್ಲಿ ಹೆಸರು ಬರುತ್ತದೆ. ಜನ ಕುಳಿತು ಹಾಡಿದ ಭಜನೆಗೆ ಇದು ಕೆಲಸಕ್ಕೆ ಬಾರದು, ಏಕೆಂದರೆ ಅಂದು ಅವರು ಹಾಡಿದ್ದು ಎಲ್ಲಿಯೂ ಮುದ್ರಣವಾಗಿಲ್ಲ.

ಧಾಟಿಯನ್ನು ಗುನುಗಿ ಹುಡುಕುವ ಸೌಲಭ್ಯವೂ ಮೊಬೈಲಿನಲ್ಲಿದೆ. ಸಿನಿಮಾ ಹಾಡಿಗೆ ಅದು ಒದಗುತ್ತದೆ. ದಾಸರ ಪದಕ್ಕೆ ಅದನ್ನು ನೆಚ್ಚಿ ಕೂರಬೇಡಿ. ಬಹುಪಾಲು ಪದಗಳ ಮೂಲ ಧಾಟಿ ಇಂದು ಉಳಿದಿಲ್ಲ, ಈಗ ಕೇಳುವುದೆಲ್ಲ ನಂತರದವರು ಕೂರಿಸಿದ್ದು. ಒಂದೇ ಪದವನ್ನು ಕರ್ನಾಟಕ ಸಂಗೀತದ ಗಾಯಕರು ಒಂದು ರಾಗದಲ್ಲಿ ಹಾಡಿದರೆ ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಅದು ಹಿಂದೂಸ್ತಾನಿಯ ಇನ್ನಾವುದೋ ರಾಗದಲ್ಲಿರುತ್ತದೆ. ಮಂಡಳಿಯ ಹೆಂಗಸರು ಮೂರನೆಯ ಧಾಟಿಯಲ್ಲಿ ಹಾಡುತ್ತಾರೆ. ತಮಗೆ ಬರುವ ಒಂದೇ ಧಾಟಿಗೆ ಹತ್ತು ಪದ ಹೊಂದಿಸಿಕೊಳ್ಳುವವರೂ ಇದ್ದಾರೆ. ಆದ್ದರಿಂದ ಇಲ್ಲಿ ನಂಬಬೇಕಾದ ಸಾಕ್ಷಿ ಮಾತು.

ಅಂಕಿತದ ಕಡೆ ಕಿವಿ

ದಾಸರ ಪದದ ಕೊನೆಯ ಚರಣದಲ್ಲಿ ರಚನಕಾರರ ಮುದ್ರಿಕೆ ಇರುತ್ತದೆ, ಅದೇ ಅಂಕಿತ. ಪುರಂದರದಾಸರದು “ಪುರಂದರ ವಿಠಲ”, ಕನಕದಾಸರದು “ಕಾಗಿನೆಲೆಯಾದಿಕೇಶವ”, ವಾದಿರಾಜರದು “ಹಯವದನ”, ವ್ಯಾಸರಾಯರದು “ಸಿರಿಕೃಷ್ಣ”, ಶ್ರೀಪಾದರಾಜರದು “ರಂಗವಿಠಲ”, ಹರಪನಹಳ್ಳಿ ಭೀಮವ್ವನವರದು “ಭೀಮೇಶಕೃಷ್ಣ”. ಇದು ಸಿಕ್ಕರೆ ಹುಡುಕಬೇಕಾದ ರಾಶಿ ಒಬ್ಬರ ರಚನೆಗಳಿಗೆ ಇಳಿಯುತ್ತದೆ. ಹಾಡು ಕೇಳುತ್ತಿರುವಾಗಲೇ ಗುರುತು ಹಿಡಿಯಬೇಕೆನಿಸಿದರೆ ಮಿಕ್ಕದ್ದನ್ನೆಲ್ಲ ಬಿಟ್ಟು ಕೊನೆಯ ಚರಣಕ್ಕೆ ಕಾಯಿರಿ. ಹೊತ್ತಾಯಿತೆಂದು ನಡುವಿನ ಚರಣಗಳನ್ನು ಬಿಡುವ ಮಂಡಳಿಯವರೂ ಅಂಕಿತದ ಚರಣವನ್ನು ಸಾಮಾನ್ಯವಾಗಿ ಬಿಡುವುದಿಲ್ಲ.

ಎರಡು ಕಡೆ ಎಡವುತ್ತೇವೆ. “ವಿಠಲ” ಎಂದಷ್ಟೇ ಕೇಳಿದರೆ ಏನೂ ಕೇಳಿದಂತಾಗಲಿಲ್ಲ. ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಎಂದು ಆ ಹೆಸರಿನ ಬಳಗ ದೊಡ್ಡದು. ಬೇಕಾಗಿರುವುದು ಅದರ ಹಿಂದಿನ ಪದ. ಇನ್ನೊಂದು, ನಡುವಿನ ಚರಣದಲ್ಲಿ ಬಂದ ದೇವರ ಹೆಸರನ್ನು ಅಂಕಿತವೆಂದು ಭಾವಿಸುವುದು. ಹಯವದನನನ್ನು ಯಾರು ಬೇಕಾದರೂ ಕರೆಯಬಹುದು. ಕೊನೆಯ ಚರಣದಲ್ಲಿ ಕರೆದಿದ್ದರೆ ಮಾತ್ರ ಅದು ಸಹಿ.

ದಾಸರ ಪದವಲ್ಲದಿದ್ದರೂ ಈ ಉಪಾಯ ನಡೆಯುತ್ತದೆ. “ಕೂಡಲಸಂಗಮದೇವ” ಎಂದು ಮುಗಿದರೆ ಬಸವಣ್ಣನವರ ವಚನ, “ಚೆನ್ನಮಲ್ಲಿಕಾರ್ಜುನ” ಎಂದರೆ ಅಕ್ಕಮಹಾದೇವಿಯವರದು. ವಚನಗಳಿಗಂತೂ ವಚನ ಸಂಚಯ ಎಂಬ ಜಾಲತಾಣದಲ್ಲಿ ಪದ ಹಾಕಿ ಹುಡುಕಬಹುದು. ಸಂಸ್ಕೃತದ ಕೃತಿಯಲ್ಲಿ “ಗುರುಗುಹ” ಬಂದರೆ ಮುತ್ತುಸ್ವಾಮಿ ದೀಕ್ಷಿತರು. “ತುಕಾ ಮ್ಹಣೇ” ಎಂದರೆ ತುಕಾರಾಮರ ಮರಾಠಿ ಅಭಂಗ. ಅಂಕಿತವೇ ಇಲ್ಲದ ಕನ್ನಡ ಹಾಡು ಹೆಚ್ಚಾಗಿ ಈಚಿನ ಕ್ಯಾಸೆಟ್ ಕಾಲದ ಭಕ್ತಿಗೀತೆ. ಅದಕ್ಕೆ ಮೇಲೆ ಹೇಳಿದ ಆ್ಯಪ್ ದಾರಿಯೇ ಸರಿ.

ಅತ್ತೆಗೆ ಅಂಕಿತ ನೆನಪಿರಲಿಲ್ಲ. ಮಂಗಳಾರತಿಯ ಗಂಟೆ ಬಾರಿಸಿದ್ದೇ ಆಗಂತೆ.

ಪ್ರಾಸ ಹಿಡಿದು ತಪ್ಪು ತಿದ್ದುವುದು

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಶಾಲೆಯಲ್ಲಿ ಛಂದಸ್ಸಿನ ಪಾಠಕ್ಕೆ ಹೆದರಿದವರೂ ಹೆದರಬೇಕಾಗಿಲ್ಲ, ಬೇಕಾಗಿರುವುದು ಒಂದೇ ನಿಯಮ. ದಾಸರ ಪದಗಳ ಒಂದು ಚರಣದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುತ್ತದೆ. ಇದು ದ್ವಿತೀಯಾಕ್ಷರ ಪ್ರಾಸ, ಆದಿಪ್ರಾಸವೆಂದೂ ಕರೆಯುತ್ತಾರೆ. ಸ್ವರ ಬೇರೆಯಾಗಬಹುದು, ವ್ಯಂಜನ ಬೇರೆಯಾಗುವಂತಿಲ್ಲ. ಒಂದು ಸಾಲು “ಮರೆ” ಎಂದು ಶುರುವಾದರೆ ಮುಂದಿನದು “ದುರಿತ” ಎಂದೋ “ಸಿರಿ” ಎಂದೋ ಶುರುವಾಗುತ್ತದೆ. ಎಲ್ಲದರಲ್ಲಿಯೂ ಎರಡನೆಯದು ರಕಾರ.

ಈಗ ಅತ್ತೆಯ ತುಣುಕನ್ನು ನೋಡಿ. “ಚರಣ ಸೇವೆ” ಎಂಬುದರ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ, ಹಾಗಾಗಿ ಅದೇ ನಮ್ಮ ಗೂಟ. ಅದರ ಎರಡನೆಯ ಅಕ್ಷರ “ರ”. “ಕನಕ ಕವಚ”ದಲ್ಲಿ ಎರಡನೆಯದು “ನ”. ತೊಡಿಸೋ, ಕೊಡಿಸೋ ಎಂಬ ಅಂತ್ಯಪ್ರಾಸ ಎರಡೂ ಸಾಲು ಒಂದೇ ಚರಣದವು ಎಂದು ಹೇಳುತ್ತಿದೆ. ಹಾಗಾದರೆ “ಕನಕ” ಸಲ್ಲದು. ಅದೇ ಅಳತೆಯ, ಎರಡನೆಯ ಅಕ್ಷರ ರಕಾರವಾದ, ಅವಸರದಲ್ಲಿ ಕನಕದಂತೆ ಕೇಳಿಸಬಹುದಾದ ಪದ ಯಾವುದು? “ಕರುಣ”. ದಾಸರು ದೇವರ ಹತ್ತಿರ ಕೇಳುವುದೂ ಅದನ್ನೇ. ಕರುಣ ಕವಚ.

ಮೂರನೆಯ ತುಣುಕಿನಲ್ಲಿ “ಪುಷ್ಪ”ದ ಹಿಂದೆಯೂ ರಕಾರವುಳ್ಳ ಒಂದು ಪುಟ್ಟ ಪದ ಇರಬೇಕು ಎಂದು ಊಹಿಸಬಹುದು. ಸರಪುಷ್ಪ, ವರಪುಷ್ಪ, ಕರಪುಷ್ಪ, ಹೀಗೆ. ಇದರಲ್ಲಿ ಒಂದನ್ನು ಆರಿಸಿ ಕೂರಬೇಡಿ, ಊಹೆಯನ್ನು ಹುಡುಕಾಟದ ಪೆಟ್ಟಿಗೆಗೆ ಹಾಕಿದರೆ ದಾರಿ ತಪ್ಪುತ್ತದೆ. ಕರುಣದಷ್ಟು ಗಟ್ಟಿ ಆಧಾರ ಇದಕ್ಕಿಲ್ಲ.

ಪ್ರಾಸ ನೋಡುವಾಗ ಒಂದು ಕಣ್ಣಾಮುಚ್ಚಾಲೆ ಇದೆ. “ನಿನ್ನ”, “ದೇವ”, “ಸ್ವಾಮಿ”, “ಅಭಯ” ಎಂಬಂಥ ಒಂದು ಪದವನ್ನು ಸಾಲಿನ ಮುಂದೆ ಸೇರಿಸಿ ಹಾಡುವುದುಂಟು. ಅದು ಪ್ರಾಸದ ಲೆಕ್ಕಕ್ಕೆ ಹೊರಗಿನದು. “ನಿನ್ನ ಕರುಣ” ಎಂದು ಕೇಳಿದಾಗ “ನಿನ್ನ”ವನ್ನು ಸಾಲಿನ ಮೊದಲ ಪದವೆಂದು ಹಿಡಿದರೆ ಪ್ರಾಸ ಮುರಿದಂತೆ ಕಾಣುತ್ತದೆ. ಮುಂದಿನ ಪದದಿಂದ ಎಣಿಸಿ ನೋಡಿ. ಹಾಗೆಯೇ ಪಲ್ಲವಿಯ ಪ್ರಾಸ ಬೇರೆ, ಪ್ರತಿ ಚರಣದ್ದೂ ಬೇರೆ. ಚರಣದಲ್ಲಿ ರಕಾರವಿದೆ ಎಂದು ರಕಾರದ ಪಲ್ಲವಿಗಳನ್ನು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ವಚನಕ್ಕೆ ಈ ನಿಯಮವಿಲ್ಲ, ಉಗಾಭೋಗದಲ್ಲಿಯೂ ಇದನ್ನು ನೆಚ್ಚುವಂತಿಲ್ಲ. ಉಗಾಭೋಗಕ್ಕೆ ಪಲ್ಲವಿಯೇ ಇಲ್ಲವಾದ್ದರಿಂದ ಅದು ಸೂಚಿಯಲ್ಲಿರುವುದು ಮೊದಲ ಸಾಲಿನಿಂದ.

ಹುಡುಕುವಾಗ ಯಾವ ಪದ ಹಾಕಬೇಕು

ನೆನಪಿರುವುದರಲ್ಲಿ ಅಪರೂಪದ ಪದಕ್ಕೆ ಬೆಲೆ. “ಚರಣ”, “ಕರುಣ”, “ಹರಿ” ಇಲ್ಲದ ದಾಸರ ಹಾಡೇ ಅಪರೂಪ, ಅವುಗಳಿಂದ ಏನೂ ಸೋಸುವುದಿಲ್ಲ. ಅತ್ತೆಯ ತುಣುಕಿನಲ್ಲಿ ಅಪರೂಪದ್ದು “ಕವಚ”. ಆದರೆ ಅದೊಂದನ್ನೇ ಹಾಕಿದರೆ ಸಾಲುಸಾಲಾಗಿ ಸಂಸ್ಕೃತದ ಕವಚ ಸ್ತೋತ್ರಗಳು ಬಂದು ಕೂರುತ್ತವೆ. ಅದರ ಪಕ್ಕಕ್ಕೆ ಕನ್ನಡದ ಕ್ರಿಯಾಪದವೊಂದನ್ನು ಇಟ್ಟರೆ ಆ ಸ್ತೋತ್ರಗಳೆಲ್ಲ ಹಿಂದೆ ಸರಿಯುತ್ತವೆ.

ಇನ್ನೊಂದು ತೊಡಕು ಸಂಧಿ ಮತ್ತು ಸಮಾಸ. ನಾವು “ಕರುಣ ಕವಚ” ಎಂದು ಬಿಡಿಸಿ ಹಾಕುತ್ತೇವೆ. ಪುಟದಲ್ಲಿ “ಕರುಣಕವಚವೆನ್ನ” ಎಂದು ಒಂದೇ ಪದವಾಗಿ ಅಚ್ಚಾಗಿರುತ್ತದೆ. ಉದ್ಧರಣ ಚಿಹ್ನೆಯೊಳಗೆ ಬಿಡಿಸಿ ಹಾಕಿದ ಪದ ಈ ಕೂಡುಪದವನ್ನು ಹಿಡಿಯುವುದಿಲ್ಲ, ಆದ್ದರಿಂದ ಮೊದಲ ಸುತ್ತಿನಲ್ಲಿ ಉದ್ಧರಣ ಚಿಹ್ನೆ ಬೇಡ. ಹಾಗಾದರೆ ಸಂಧಿಯ ಕಾಟವಿಲ್ಲದ ಪದಗಳು ಎಲ್ಲಿವೆ? ಸಾಲಿನ ಕೊನೆಯಲ್ಲಿ. ಅಲ್ಲಿ ಸಾಲು ಮುರಿಯುವುದರಿಂದ ಪದ ಮುಂದಿನದರ ಜೊತೆ ಅಂಟಿಕೊಳ್ಳುವುದಿಲ್ಲ. ಅಂತ್ಯಪ್ರಾಸದ ಪದಗಳು ನೆನಪಿನಲ್ಲಿಯೂ ಚೆನ್ನಾಗಿ ಉಳಿದಿರುತ್ತವೆ. ಹಾಗಾಗಿ ನಾನು ಸಾಲಿನ ತುದಿಗಳನ್ನೇ ಒಟ್ಟಿಗೆ ಹಾಕುತ್ತೇನೆ:

```
ತೊಡಿಸೋ ಕೊಡಿಸೋ ಮುಡಿಸೋ ದಾಸರ ಪದ
ಕವಚ ತೊಡಿಸೊ ಕೊಡಿಸೊ ಮುಡಿಸೊ
```

ಎರಡನೆಯ ಸಾಲಿನಲ್ಲಿ “ಸೊ” ಹ್ರಸ್ವವಾಗಿದೆ, ಗಮನಿಸಿ. ಒಬ್ಬರು “ಮುಡಿಸೋ” ಎಂದರೆ ಇನ್ನೊಬ್ಬರು “ಮುಡಿಸೊ” ಎಂದು ಬರೆದಿರುತ್ತಾರೆ. ಹಾಡಿ ಮತ್ತು ಪಾಡಿ, ಶಿರದಲ್ಲಿ ಮತ್ತು ಶಿರದಲಿ, ವಿಠಲ ಮತ್ತು ವಿಟ್ಠಲ, ಇವೆಲ್ಲವನ್ನೂ ಅದಲುಬದಲು ಮಾಡಿ ನೋಡಬೇಕು. ಇಷ್ಟಾದರೂ ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ, ಏಕೆಂದರೆ ಪದಗಳ ಸಾಹಿತ್ಯವನ್ನು ಹಾಗೆ ಬರೆದುಹಾಕುವವರು ಬಹಳ. ನಮ್ಮವರು ತಕಾರಕ್ಕೆ `th` ಬಳಸುತ್ತಾರೆ, ಹೊರಗಿನವರು ಬರಿಯ `t` ಬಳಸುತ್ತಾರೆ. ಎರಡನ್ನೂ ಹಾಕಿ:

```
karuna kavacha thodiso lyrics
karuna kavacha todiso kodiso mudiso
```

ಇಲ್ಲಿಯೂ ಸಿಗಲಿಲ್ಲವೆಂದರೆ ಆ ಪದ ಜಾಲದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಹಳೆಯ ಪುಸ್ತಕಗಳು ಬಹಳಷ್ಟು ಪುಟದ ಚಿತ್ರಗಳಾಗಿಯೇ ಇವೆ, ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗದಿರಬಹುದು. ಆಗ ಅಂಕಿತ ಗೊತ್ತಿದ್ದರೆ ಆ ದಾಸರ ಸಂಪುಟವನ್ನು ಗ್ರಂಥಾಲಯದಲ್ಲಿ ತೆಗೆದು ಚರಣಗಳ ಮೇಲೆ ಕಣ್ಣಾಡಿಸಬೇಕು. ಒಂದು ಮಧ್ಯಾಹ್ನದ ಕೆಲಸ. ಅಂತ್ಯಪ್ರಾಸ ತಿಳಿದಿದ್ದರೆ ಸಾಲುಗಳ ಬಲತುದಿಯನ್ನಷ್ಟೇ ನೋಡುತ್ತಾ ಪುಟ ಮಗುಚಬಹುದು.

ಹಾಡಿದವರನ್ನೇ ಕೇಳುವುದು

ಇದನ್ನು ಮೊದಲೇ ಹೇಳಬಾರದಿತ್ತೇ ಎನ್ನುತ್ತೀರಿ. ಹೇಳಬಹುದಿತ್ತು. ಆದರೆ “ಆವತ್ತು ಒಂದು ಚೆನ್ನಾದ ಹಾಡು ಹಾಡಿದಿರಲ್ಲ, ಅದು ಯಾವುದು?” ಎಂದು ಬರಿಗೈಯಲ್ಲಿ ಹೋಗಿ ಕೇಳಿದರೆ ಮಂಡಳಿಯವರು ಪಾಪ ಏನು ಹೇಳಿಯಾರು? ಅವರು ಆ ದಿನ ಹತ್ತಾರು ಪದ ಹಾಡಿರುತ್ತಾರೆ. ಕೈಯಲ್ಲಿ ತಿದ್ದಿದ ತುಣುಕು ಇಟ್ಟುಕೊಂಡು ಹೋಗಿ. “ಅಮ್ಮ, ಶನಿವಾರ ಮಂಗಳಾರತಿಗೆ ಮುಂಚೆ ಹಾಡಿದಿರಲ್ಲ, ಚರಣ ಸೇವೆ ಕೊಡಿಸೋ ಎಂದು ನಡುವೆ ಬರುತ್ತದೆ. ಅದರ ಪಲ್ಲವಿ ಹೇಳುತ್ತೀರಾ?” ಎಂದರೆ ಅಲ್ಲೇ ಹಾಡಿಯೇ ತೋರಿಸುತ್ತಾರೆ. ಚರಣ ಕೇಳಿ ಪಲ್ಲವಿ ಹೊಳೆಯದಿದ್ದರೆ ಅವರ ಹಾಡಿನ ನೋಟುಪುಸ್ತಕ ನೋಡಬಹುದೇ ಎಂದು ಕೇಳಿ. ಎಲ್ಲಿಯೂ ಅಚ್ಚಾಗದ, ಅತ್ತೆಯಿಂದ ಸೊಸೆಗೆ ಬಂದ ಪದಗಳು ಸಿಗುವುದು ಇಂಥ ಪುಸ್ತಕಗಳಲ್ಲಿಯೇ.

ಸಿಕ್ಕಿದ್ದು ಅದೇ ಹಾಡೇ?

ನಮ್ಮ ಹುಡುಕಾಟದಲ್ಲಿ ಸಾಲಿನ ತುದಿಗಳು ಕೆಲಸ ಮಾಡಿದವು. ಪುಟ ತೆರೆದಾಗ ಕಂಡ ಚರಣ ಇದು:

ದುರುಬುದ್ಧಿಗಳನೆಲ್ಲ ಬಿಡಿಸೋ, ನಿನ್ನ
ಕರುಣಕವಚವೆನ್ನ ಹರಣಕೆ ತೊಡಿಸೋ
ಚರಣಸೇವೆ ಎನಗೆ ಕೊಡಿಸೋ, ಅಭಯ
ಕರಪುಷ್ಪವೆನ್ನಯ ಶಿರದಲ್ಲಿ ಮುಡಿಸೋ

ದುರು, ಕರು, ಚರ, ಕರ. ನಾಲ್ಕೂ ಸಾಲಿನಲ್ಲಿ ರಕಾರ. “ನಿನ್ನ” ಮತ್ತು “ಅಭಯ” ಹಿಂದಿನ ಸಾಲಿನ ಬಾಲದಲ್ಲಿ ಕುಳಿತಿವೆ. ಪುರಂದರದಾಸರ “ದಾಸನ ಮಾಡಿಕೊ ಎನ್ನ, ಸ್ವಾಮಿ ಸಾಸಿರ ನಾಮದ ವೆಂಕಟರಮಣ” ಎಂಬ ಪದ ಇದು. ಪಲ್ಲವಿಯ ಪ್ರಾಸ ಬೇರೆ ಎಂದೆನಲ್ಲ, ಇಲ್ಲಿ ದಾಸ, ಸಾಸಿರ ಎಂದು ಸಕಾರವಿದೆ.

ಆದರೂ ಇಷ್ಟಕ್ಕೇ ತೀರ್ಪು ಕೊಡಬೇಡಿ. ನೆನಪಿರುವ ಒಂದು ತುಣುಕು ಹೊಂದಿದರೆ ಸಾಲದು, ಎಲ್ಲವೂ ಒಂದೇ ಪದದಲ್ಲಿ ಇರಬೇಕು. ಇಲ್ಲಿ ಮೂರೂ ಇವೆ. ವೆಂಕಟರಮಣನ ಗುಡಿ, ಶ್ರಾವಣ ಶನಿವಾರ, ಪಲ್ಲವಿಯಲ್ಲಿ ವೆಂಕಟರಮಣ, ಸಂದರ್ಭವೂ ಕೂಡಿತು. ಕೊನೆಯ ಚರಣದಲ್ಲಿ ಪುರಂದರ ವಿಠಲನ ಅಂಕಿತವಿದೆ. ಒಂದೆರಡು ಪದ ಅಲ್ಲಲ್ಲಿ ಬೇರೆಯಾಗಿದ್ದರೆ ಗಾಬರಿ ಬೇಡ, ಬಾಯಿಂದ ಬಾಯಿಗೆ ಬಂದ ಸಾಹಿತ್ಯದಲ್ಲಿ ಪಾಠಾಂತರ ಸಹಜ. ಪ್ರಾಸದ ಅಕ್ಷರವೇ ಕೆಟ್ಟಿದ್ದರೆ ಮಾತ್ರ ಆ ಪುಟವನ್ನು ಅನುಮಾನಿಸಿ ಇನ್ನೊಂದು ಪ್ರತಿ ನೋಡಿ. ಆಮೇಲೆ ಇಬ್ಬರು ಬೇರೆ ಬೇರೆ ಗಾಯಕರು ಹಾಡಿದ್ದನ್ನು ಕೇಳಿಸಿ, ಏಕೆಂದರೆ ಧಾಟಿ ಬೇರೆಯಾಗಿದ್ದರೆ ಹಾಡು ಅದೇ ಆಗಿದ್ದರೂ ಕೇಳಿದವರು “ಇದಲ್ಲ” ಎಂದುಬಿಡುತ್ತಾರೆ. ಅತ್ತೆ ಮೊದಲು ಹಾಗೆಯೇ ಅಂದರು. ಧ್ವನಿ ನಿಲ್ಲಿಸಿ ಸಾಹಿತ್ಯ ಓದಿ ಹೇಳಿದಾಗ ನಾಲ್ಕನೆಯ ಸಾಲಿಗೆ ತಾವೇ ದನಿಗೂಡಿಸಿದರು.

ಓದಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ಕವಚ ದೇವರಿಗಲ್ಲ, ತೊಡಿಸು ಎನ್ನುತ್ತಿರುವುದು ನಮಗೆ” ಎಂದರು. ಅಲಂಕಾರದ ಹಾಡುಗಳಲ್ಲಿ ಅದು ಅವರಿಗೆ ಸಿಗದೇ ಹೋದದ್ದು ಅದಕ್ಕೇ. ತಮ್ಮ ಹಾಡಿನ ಪುಸ್ತಕದಲ್ಲಿ ಅದನ್ನು ಪೂರ್ತಿ ಬರೆದುಕೊಂಡು, ಹಿಂದಿನ ಪುಟದ ಸೂಚಿಯಲ್ಲಿ ಎರಡು ಕಡೆ ಹಾಕಿದ್ದಾರೆ: ದಕಾರದಲ್ಲಿ “ದಾಸನ ಮಾಡಿಕೊ”, ಕಕಾರದಲ್ಲಿ “ಕರುಣಕವಚ, ದಾಸನ ಮಾಡಿಕೊ ನೋಡು”.